ದಾಸ್ತಾನು ಮತ್ತು ಬೇಡಿಕೆ: ಹೊಸ ಯೂಟ್ಯೂಬ್ ವಾಹಿನಿಗೆ ವಿಷಯ ಆರಿಸುವ ಬಗೆ

ಕಳೆದ ಲೆಕ್ಕಪರಿಶೋಧನೆಯ ಸಮಯದಲ್ಲಿ ನಮ್ಮ ಬಂದರು ಪ್ರದೇಶದ ಗೇರುಬೀಜ ವ್ಯಾಪಾರಿಯೊಬ್ಬರ ವೋಚರುಗಳನ್ನು ಪರಿಶೀಲಿಸುತ್ತಿದ್ದೆ. ಕ್ಯಾಮೆರಾ, ದೀಪಗಳು, ಸಂಕಲನಕಾರನ ಸಂಭಾವನೆ ಎಂಬ ಹೊಸ ಬಾಬುಗಳು ಕಾಣಿಸಿದವು. ಒಟ್ಟು ಮೊತ್ತ ಒಂದು ಲಕ್ಷ ರೂಪಾಯಿಯನ್ನು ದಾಟಿತ್ತು. ವಿಚಾರಿಸಿದಾಗ, ಮಗನ ಹೆಸರಿನಲ್ಲಿ ಯೂಟ್ಯೂಬ್ ವಾಹಿನಿಯೊಂದನ್ನು ಆರಂಭಿಸಿರುವುದಾಗಿ ತಿಳಿಯಿತು. ಅದರಲ್ಲಿ ಹನ್ನೊಂದು ವಿಡಿಯೋಗಳಿದ್ದವು: ಸಂಸ್ಥೆ ನಡೆದು ಬಂದ ದಾರಿ, ದೀಪಾವಳಿಯ ಶುಭಾಶಯ, ಯಶಸ್ವಿ ಉದ್ಯಮಿಯ ಗುಣಗಳು ಇತ್ಯಾದಿ. ನೋಡಿದವರು ಬಹುಪಾಲು ಬಂಧುಮಿತ್ರರು. ವಾಹಿನಿಯನ್ನು ಮುಚ್ಚಿಬಿಡೋಣವೆಂದು ಮಗ ಹೇಳುತ್ತಿದ್ದ; ಇನ್ನೂ ಉತ್ತಮ ಸಂಕಲನಕಾರನನ್ನು ಗೊತ್ತುಮಾಡೋಣವೆಂದು ತಂದೆ ಹೇಳುತ್ತಿದ್ದರು. ಇಬ್ಬರ ನಿರ್ಣಯವೂ ಸರಿಯಲ್ಲವೆಂದು ನನಗೆ ತೋರಿತು. ದೋಷವಿದ್ದುದು ಚಿತ್ರೀಕರಣದಲ್ಲಲ್ಲ, ವಿಷಯದ ಆಯ್ಕೆಯಲ್ಲಿ. ಯಾರೂ ಕೇಳದ ಪ್ರಶ್ನೆಗಳಿಗೆ ಅವರು ಉತ್ತರಿಸುತ್ತಿದ್ದರು.

ವ್ಯಾಪಾರಸ್ಥರಾದ ನಮಗೆ ಇದು ಅಪರಿಚಿತ ತತ್ತ್ವವೇನಲ್ಲ. ಗೋದಾಮಿನಲ್ಲಿರುವ ಸರಕಿನ ಪಟ್ಟಿ ಒಂದು, ಬಂದ ಆರ್ಡರುಗಳ ಪುಸ್ತಕ ಇನ್ನೊಂದು. ಎರಡೂ ತಾಳೆಯಾದಲ್ಲಿ ಮಾತ್ರ ಮಾರಾಟ ನಡೆಯುತ್ತದೆ. ವಾಹಿನಿಯ ಮಟ್ಟಿಗೆ ನಮ್ಮ ಸ್ವಂತ ತಿಳಿವಳಿಕೆಯೇ ದಾಸ್ತಾನು, ವೀಕ್ಷಕರ ಪ್ರಶ್ನೆಗಳೇ ಆರ್ಡರು.

ನಮ್ಮ ಕಡೆಯಲ್ಲಿ ಇದಕ್ಕೆ ನಿದರ್ಶನಗಳಿವೆ. 1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟಿತು. ಒಬ್ಬ ಕೃಷಿಕ ತೋಟದಲ್ಲಿ ಮಾಡಿ ಕಂಡುಕೊಂಡದ್ದು ಇನ್ನೊಬ್ಬ ಕೃಷಿಕನ ಸಂದೇಹಕ್ಕೆ ಉತ್ತರವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಕಾಸರಗೋಡು ಜಿಲ್ಲೆಯ ಸುದರ್ಶನ ಭಟ್ ಬೇದ್ರಡಿಯವರು ಆರಂಭಿಸಿದ 'ಭಟ್ ಎನ್ ಭಟ್' ವಾಹಿನಿ ಲೋಕದ ಎಲ್ಲ ಅಡುಗೆಗಳನ್ನೂ ಹಿಡಿಯಲಿಲ್ಲ. ತಮ್ಮ ಮನೆಯಲ್ಲಿ ಮಾಡುವ, ತಮ್ಮ ಕೈಗೆ ಪಳಗಿದ ಅಡುಗೆಯನ್ನೇ ಕನ್ನಡದಲ್ಲಿ ತೋರಿಸಿತು. ಊರು ಬಿಟ್ಟು ದೂರದಲ್ಲಿರುವವರು ಕೇಳುವ ಪ್ರಶ್ನೆಯೂ ಅದೇ ಆಗಿತ್ತೆಂದು ನಾನು ಭಾವಿಸುತ್ತೇನೆ.

ಮೇಲೆ ಹೇಳಿದ ವ್ಯಾಪಾರಿಯ ಕುಟುಂಬ ಹಳೆಯ ವಾಹಿನಿಯನ್ನು ಅಲ್ಲಿಗೇ ಬಿಟ್ಟು, ಹೊಸದಕ್ಕೆ ವಿಷಯವನ್ನು ಆರಿಸಿದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಮೊದಲು ತಂದೆ ದಾಸ್ತಾನು ಪಟ್ಟಿ ತಯಾರಿಸಿದರು. ನಿಯಮ ಒಂದೇ: ಪುಸ್ತಕ ನೋಡದೆ, ಯಾರನ್ನೂ ಕೇಳದೆ, ಕೈಯಲ್ಲಿ ಸರಕು ಹಿಡಿದು ಹೇಳಬಲ್ಲದ್ದನ್ನು ಮಾತ್ರ ಬರೆಯಬೇಕು. ತಿರುಳಿನ ಶ್ರೇಣಿಗಳು, ಹಳೆಯ ಸರಕನ್ನು ಗುರುತಿಸುವುದು, ಮಳೆಗಾಲದಲ್ಲಿ ಕೆಡದಂತೆ ಇಡುವುದು, ಎಂಬತ್ತು ಕಿಲೋ ಕಚ್ಚಾ ಬೀಜದ ಚೀಲದಿಂದ ಎಷ್ಟು ಪೌಂಡು ತಿರುಳು ಬಂದೀತೆಂಬ ಅಂದಾಜು ಇವೆಲ್ಲ ಆ ಪಟ್ಟಿಯಲ್ಲಿದ್ದವು.

ಆರ್ಡರು ಪುಸ್ತಕದ ಹೊಣೆ ಮಗನದು. ಎರಡು ವಾರ ಅಂಗಡಿಯ ಕಟ್ಟೆಯಲ್ಲಿ, ದೂರವಾಣಿಯಲ್ಲಿ, ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಕೇಳಿದವರ ಮಾತಿನಲ್ಲಿಯೇ ಬರೆದಿಟ್ಟ. ನಂತರ ಯೂಟ್ಯೂಬಿನ ಹುಡುಕು ಪೆಟ್ಟಿಗೆಯತ್ತ ತಿರುಗಿದ. ಅಲ್ಲಿ ಒಂದು ಪದವನ್ನು ಅರ್ಧ ಬರೆಯುವಷ್ಟರಲ್ಲಿ, ಜನರು ಹುಡುಕುವ ಪದಗಳು ಸಾಲಾಗಿ ಇಳಿಯುತ್ತವೆ. ನಮ್ಮ ಹಿಂದಿನ ಹುಡುಕಾಟಗಳು ಆ ಸಾಲನ್ನು ಬದಲಿಸುವುದರಿಂದ, ಸ್ವಂತ ಖಾತೆಯಿಂದ ಹೊರಬಂದು ಖಾಸಗಿ ಕಿಟಕಿಯಲ್ಲಿ ನೋಡುವುದು ಕ್ಷೇಮ. ಇದೇ ವಿಷಯದ ಬೇರೆ ವಿಡಿಯೋಗಳ ಕೆಳಗಿನ ಅಭಿಪ್ರಾಯಗಳಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನೂ ಅವನು ಹೆಕ್ಕಿಕೊಂಡ.

ಇಲ್ಲಿ ಒಂದು ಮುಖ್ಯ ವಿಚಾರ ಬೆಳಕಿಗೆ ಬಂತು. ನಮಗದು ಗೇರುಬೀಜ, ಬೆಂಗಳೂರು, ಮೈಸೂರಿನ ಗ್ರಾಹಕರಿಗೆ ಗೋಡಂಬಿ. ಅನೇಕರು ಆ ಪದವನ್ನೂ ಕನ್ನಡ ಲಿಪಿಯಲ್ಲಿ ಬರೆಯದೆ, ದೂರವಾಣಿಯ ಕೀಲಿಮಣೆಯಲ್ಲಿ godambi ಎಂದು ಒತ್ತುತ್ತಾರೆ. ಬಲ್ಲವನ ಪದ ಒಂದು, ಕೇಳುವವನ ಪದ ಮತ್ತೊಂದು. ಮೂರು ರೂಪಗಳಲ್ಲಿಯೂ ಹುಡುಕದೆ ಇದ್ದರೆ, ಕೇಳುವವರೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ವಿಡಿಯೋದ ಶೀರ್ಷಿಕೆಯೂ ಕೇಳುವವರ ಪದದಲ್ಲಿಯೇ ಇರಬೇಕು.

ಬಳಿಕ ಎರಡೂ ಪಟ್ಟಿಗಳನ್ನು ಎದುರುಬದುರಾಗಿ ಇಟ್ಟು ಮೂರು ಪಾಲು ಮಾಡಿದೆವು. ಮೊದಲನೆಯದು, ಜನರು ಕೇಳುವ, ಆದರೆ ಇವರಿಗೆ ತಿಳಿಯದ ಪ್ರಶ್ನೆಗಳು. ಗೋಡಂಬಿ ತಿಂದರೆ ಕೊಲೆಸ್ಟರಾಲ್ ಏರುತ್ತದೆಯೇ, ಸಕ್ಕರೆ ಕಾಯಿಲೆಯವರು ತಿನ್ನಬಹುದೇ ಎಂದು ಕೇಳುವವರು ಬಹಳ. ಮಗನಿಗೆ ಈ ಕಡೆಗೇ ಒಲವಿತ್ತು. ಆದರೆ ಅದಕ್ಕೆ ಉತ್ತರಿಸಬೇಕಾದವರು ವೈದ್ಯರು. ಸರಕು ಮಾರುವವರೇ ಅದರ ಆರೋಗ್ಯಗುಣವನ್ನು ಸಾರಿದರೆ ಅದು ಜಾಹೀರಾತಾಗಿ, ಕಾನೂನಿನ ತೊಡಕಿಗೂ ದಾರಿಯಾದೀತು. ಗಿಡ ನೆಡುವ, ಕಸಿ ಕಟ್ಟುವ ಪ್ರಶ್ನೆಗಳೂ ಇದೇ ಪಾಲಿಗೆ ಸೇರಿದವು. ಅದಕ್ಕೆ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಎರಡನೆಯದು, ಇವರಿಗೆ ಚೆನ್ನಾಗಿ ತಿಳಿದಿರುವ, ಆದರೆ ಹೆಚ್ಚು ಜನರು ಕೇಳದ ವಿಷಯಗಳು. ಚೀಲದ ಇಳುವರಿಯ ಅಂದಾಜು ಅಂಥದು. ತಂದೆಗೆ ಅದರಲ್ಲಿ ನಲವತ್ತು ವರ್ಷಗಳ ಅನುಭವ. ಆದರೆ ಅದನ್ನು ಕೇಳುವವರು ಕಾರ್ಖಾನೆಯವರು ಮಾತ್ರ, ಅವರು ಇವರ ಗ್ರಾಹಕರಲ್ಲ. ಆ ವಿಷಯವನ್ನು ಕೈಬಿಡಲು ತಂದೆಗೆ ತುಸು ನೋವಾಯಿತು. ಮೂರನೆಯದು, ಕೇಳುವವರೂ ಇರುವ, ಉತ್ತರವೂ ತಿಳಿದಿರುವ ಪಾಲು. ಗೃಹಿಣಿಯೊಬ್ಬಳು ಗೋಡಂಬಿಯನ್ನು ನೋಡಿ ಕೊಳ್ಳುವುದು ಹೇಗೆ, ಕೊಂಡದ್ದನ್ನು ಕೆಡದಂತೆ ಇಡುವುದು ಹೇಗೆ? ವಾಹಿನಿಯ ವಿಷಯ ಅದೇ ಎಂದು ತೀರ್ಮಾನವಾಯಿತು.

ಈ ಪಾಲಿಗೆ ಒಂದು ಉದಾಹರಣೆ ಕೊಡುತ್ತೇನೆ. ಪೊಟ್ಟಣದ ಮೇಲಿನ W240, W320 ಎಂದರೇನು ಎಂಬುದು ಅಂಗಡಿಯಲ್ಲಿ ದಿನನಿತ್ಯದ ಪ್ರಶ್ನೆ. ಒಂದು ಪೌಂಡಿಗೆ ಎಷ್ಟು ಇಡೀ ತಿರುಳುಗಳು ತೂಗುತ್ತವೆ ಎಂಬುದೇ ಆ ಸಂಖ್ಯೆ: W240ರಲ್ಲಿ 220ರಿಂದ 240, W320ರಲ್ಲಿ 300ರಿಂದ 320. ಸಂಖ್ಯೆ ದೊಡ್ಡದಾದಷ್ಟೂ ತಿರುಳು ಸಣ್ಣದು. ಆದರೆ ಮನೆಯಲ್ಲಿ ಪೌಂಡಿನ ತೂಕವಿಲ್ಲ. ಆದಕಾರಣ ತಂದೆ ನೂರು ಗ್ರಾಂ ತೂಗಿ ಎಣಿಸಿ ತೋರಿಸಿದರು. W240 ಆಗಿದ್ದರೆ 49ರಿಂದ 53 ತಿರುಳುಗಳು ಬರಬೇಕು. W320 ಆಗಿದ್ದರೆ 66ರಿಂದ 71. ಎಪ್ಪತ್ತು ಬಂದರೆ W240ರ ಬೆಲೆ ತೆತ್ತು W320 ಕೊಂಡಿದ್ದೀರಿ ಎಂದರ್ಥ. ಸಂಖ್ಯೆಯ ಅರ್ಥವನ್ನು ಯಾರೂ ಓದಿ ಹೇಳಬಹುದು. ಅಡುಗೆಮನೆಯಲ್ಲಿಯೇ ಪರೀಕ್ಷಿಸುವ ಈ ದಾರಿಯನ್ನು ಹೊಳೆಯಿಸಿದ್ದು ಕಟ್ಟೆಯ ಮೇಲಿನ ಅನುಭವ.

ಮುಂದಿನ ವಿಡಿಯೋದ ವಿಚಾರದಲ್ಲಿ ತಂದೆ ಹಿಂಜರಿದರು. ಪಾಯಸಕ್ಕೆ ತುಂಡು ಗೋಡಂಬಿ ಸಾಕೇ ಎಂಬುದು ಪ್ರಶ್ನೆ. ತುಂಡು ಸಹ ಅದೇ ಬೀಜದ್ದು. ಒಡೆಯುವಾಗ, ಸಿಪ್ಪೆ ತೆಗೆಯುವಾಗ ಮುರಿದದ್ದು ಅಷ್ಟೇ. ತುಪ್ಪದಲ್ಲಿ ಹುರಿದು ಹಾಕುವುದಕ್ಕೆ ಅದೇ ಧಾರಾಳ ಸಾಕು. "ಇದನ್ನು ಹೇಳಿದರೆ ಇಡೀ ಬೀಜವನ್ನು ಕೊಳ್ಳುವವರು ಯಾರು, ಸರ್?" ಎಂದು ಅವರು ಕೇಳಿದರು. ಆ ಪ್ರಶ್ನೆ ಸಣ್ಣದಲ್ಲ, ಏಕೆಂದರೆ ದೊಡ್ಡ ಶ್ರೇಣಿಯ ಮೇಲೆ ಲಾಭವೂ ದೊಡ್ಡದು. ಆದರೂ ಹೇಳಲೇಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನು ಕೊಡಲಾಗದಿದ್ದರೆ ಆ ವಿಷಯವನ್ನು ಆರಿಸಿಕೊಳ್ಳಬಾರದು. ಮೂರು ದಿನ ಯೋಚಿಸಿ, ಉಡುಗೊರೆಗೆ ಇಡಿಯದು, ಪಾಯಸಕ್ಕೆ ತುಂಡು ಎಂದು ಅವರು ಹೇಳಿದರು.

ವಿಷಯದ ಅಗಲವನ್ನು ಅಳೆಯಲು ಮೂವತ್ತು ಪ್ರಶ್ನೆಗಳ ಪರೀಕ್ಷೆಯನ್ನು ನಾನು ಸೂಚಿಸುತ್ತೇನೆ. ಕೇವಲ ಶ್ರೇಣಿಗಳೆಂದು ಹಿಡಿದರೆ ಐದಾರು ವಿಡಿಯೋಗಳಲ್ಲಿ ಸರಕು ಮುಗಿಯುತ್ತದೆ. ಎಲ್ಲ ಒಣಹಣ್ಣುಗಳೆಂದು ಹಿಡಿದರೆ ಬಾದಾಮಿ, ಅಂಜೂರಗಳ ಬಗ್ಗೆ ಇತರರನ್ನು ಕೇಳಿ ಹೇಳಬೇಕಾಗುತ್ತದೆ. ಒಂದೇ ಬಗೆಯ ಗ್ರಾಹಕರು ಕೇಳುವ, ನಾವೇ ಉತ್ತರಿಸಬಲ್ಲ ಮೂವತ್ತು ಪ್ರಶ್ನೆಗಳು ಕೂಡಿಬಂದರೆ ಅಗಲ ಸರಿಯಾಗಿದೆ ಎನ್ನಬಹುದು. ಇವರಿಗೆ ಮೂವತ್ತನಾಲ್ಕು ದೊರೆತವು.

ಆಯ್ಕೆ ಸರಿಯಾಯಿತೇ ಎಂಬುದನ್ನು ಹತ್ತು ವಿಡಿಯೋಗಳಾದ ನಂತರ ನೋಡಬೇಕು, ಮೊದಲ ವಾರವಲ್ಲ. ವಾಹಿನಿಯ ಅಂಕಿಅಂಶಗಳ ಪುಟದಲ್ಲಿ ವೀಕ್ಷಕರು ಎಲ್ಲಿಂದ ಬಂದರೆಂಬುದೂ, ಯಾವ ಪದಗಳನ್ನು ಹುಡುಕಿ ಬಂದರೆಂಬುದೂ ಇರುತ್ತದೆ. ವಾಟ್ಸಾಪ್ ಕೊಂಡಿಯಿಂದಲೇ ಎಲ್ಲರೂ ಬಂದಿದ್ದರೆ ಅವರು ನಮ್ಮ ಪರಿಚಿತರು; ಹುಡುಕಾಟದಿಂದ ಬಂದವರು ಪ್ರಶ್ನೆ ಹೊತ್ತು ಬಂದವರು. ಅಭಿಪ್ರಾಯಗಳೂ ಅದನ್ನೇ ಹೇಳುತ್ತವೆ. ಹಳೆಯ ವಾಹಿನಿಯ ಕೆಳಗೆ 'ಶುಭವಾಗಲಿ' ಎಂಬುದೊಂದೇ ಇತ್ತು. ಹೊಸದರ ಕೆಳಗೆ, ಜೂನ್ ತಿಂಗಳಲ್ಲಿ ಒಡೆದ ಪೊಟ್ಟಣ ಮೆತ್ತಗಾಗುವುದೇಕೆ ಎಂದು ಒಬ್ಬರು ಕೇಳಿದ್ದರು. ಗಾಳಿಯ ತೇವವನ್ನು ತಿರುಳು ಹೀರುವುದೇ ಕಾರಣ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಶೀತಪೆಟ್ಟಿಗೆಯಲ್ಲಿಡಬೇಕು, ಹೊರತೆಗೆದ ಮೇಲೆ ತಂಪು ಆರಿದ ನಂತರವೇ ಮುಚ್ಚಳ ತೆರೆಯಬೇಕು. ಆ ಉತ್ತರವೇ ಮುಂದಿನ ವಿಡಿಯೋ ಆಯಿತು.

ಲೆಕ್ಕಪರಿಶೋಧಕನಾಗಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಜಾಹೀರಾತಿನ ಪಾಲು ದೊರೆಯಬೇಕಾದರೆ ಸಾವಿರ ಚಂದಾದಾರರೂ, ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆಯೂ ಬೇಕೆಂಬುದು ದೀರ್ಘ ವಿಡಿಯೋಗಳಿಗೆ ಯೂಟ್ಯೂಬಿನ ನಿಯಮ. ಕನ್ನಡದಲ್ಲಿ ಒಂದೇ ಸರಕಿನ ಕುರಿತಾದ ವಾಹಿನಿಗೆ ಅದು ಬೇಗ ಒದಗದು, ಒದಗಿದರೂ ಆದಾಯ ಅಲ್ಪ. ಆದಕಾರಣ ಆ ಆದಾಯವನ್ನು ಅಂದಾಜುಪಟ್ಟಿಗೆ ಸೇರಿಸದೆ, ವಾಹಿನಿಯನ್ನು ನೋಡಿ ಅಂಗಡಿಗೆ ಕರೆ ಮಾಡಿದವರ ಸಂಖ್ಯೆಯನ್ನು ಬರೆದಿಡುವುದು ಲೇಸು. ಈ ವ್ಯಾಪಾರಿ ಅದಕ್ಕೆ ಪ್ರತ್ಯೇಕ ಪುಸ್ತಕವನ್ನು ಇಟ್ಟಿದ್ದಾರೆ. ಮೊದಲ ಪುಟದಲ್ಲಿಯೇ ಹುಬ್ಬಳ್ಳಿಯ ಮಹಿಳೆಯೊಬ್ಬರ ಕರೆ ದಾಖಲಾಗಿದೆ. ಅವರು ತರಿಸಿಕೊಂಡದ್ದು ಎರಡು ಕಿಲೋ, ತುಂಡು.