ಉದುರುವ ಕೂದಲೂ ಮಾರಾಟದ ಮಾತೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಯಾವ ಔಷಧದ ಅಂಗಡಿಗೆ ಹೋದರೂ ಈಗ ಕೂದಲಿಗೆಂದು ಮೂರು ಬಗೆಯ ಪದಾರ್ಥಗಳು ದೊರೆಯುತ್ತವೆ. ಒಂದು, ಕೂದಲು ಉದುರುವುದನ್ನು ತಡೆಯುವುದೆಂದು ಹೇಳುವ ಶಾಂಪೂ. ಎರಡು, ಬಯೋಟಿನ್ ಸೇರಿಸಿದ ಮೆತ್ತನೆಯ ಸಿಹಿಗುಳಿಗೆ, ಅಂದರೆ ಗಮ್ಮಿ. ಮೂರು, ಮಿನಾಕ್ಸಿಡಿಲ್ ಎಂಬ ದ್ರಾವಣ. ಮೂರಕ್ಕೂ ಒಂದೇ ಮಾತಿನ ಹೊಗಳಿಕೆ: ‘ಕೂದಲು ಉದುರುವುದು ನಿಲ್ಲುತ್ತದೆ.’ ನಮ್ಮ ವಿದ್ಯಾರ್ಥಿಗಳು ಮೋಸಹೋಗುವುದು ಈ ಒಂದು ಮಾತಿನಿಂದಲೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ‘ಉದುರುವುದು’ ಎಂಬ ಒಂದೇ ಹೆಸರಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ.

ಮೊದಲು ಕೂದಲಿನ ಸ್ವರೂಪವನ್ನು ತಿಳಿಯೋಣ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರನ ಬೆಟ್ಟದಲ್ಲಿ ಮುಡಿ ಕೊಟ್ಟುಬಂದವರನ್ನು ನಾವೆಲ್ಲರೂ ಕಂಡಿದ್ದೇವೆ. ನುಣ್ಣಗೆ ಬೋಳಿಸಿದ ತಲೆಯಲ್ಲಿ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಕ್ಷೌರಕತ್ತಿಯು ತೆಗೆದದ್ದು ಚರ್ಮದ ಮೇಲಿನ ನಿರ್ಜೀವ ಎಳೆಯನ್ನು ಮಾತ್ರ. ಜೀವವುಳ್ಳ ಭಾಗವು ಚರ್ಮದೊಳಗಿನ ಕೇಶಕೂಪದ ತಳದಲ್ಲಿ ಸುರಕ್ಷಿತವಾಗಿರುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಎಷ್ಟೇ ಜತನದಿಂದ ಒಗೆದು ನುಣುಪು ಮಾಡಿದರೂ ರೇಷ್ಮೆ ಹುಳುವಿಗೆ ಸೊಪ್ಪು ತಿನ್ನಿಸಿದಂತಾಗುವುದಿಲ್ಲ. ಎಳೆಗೂ ಬೇರಿಗೂ ಇರುವ ಅಂತರವು ಅಂಥದು.

ಕೇಶಕೂಪವು ಸದಾಕಾಲ ದುಡಿಯುವುದಿಲ್ಲ. ಕೆಲವು ವರ್ಷ ಬೆಳೆಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ, ಹಳೆಯ ಕೂದಲನ್ನು ಬಿಟ್ಟು ಹೊಸದನ್ನು ಹುಟ್ಟಿಸುತ್ತದೆ. ಬೆಳವಣಿಗೆಗೆ 1000 ದಿನ, ವಿಶ್ರಾಂತಿಗೆ 100 ದಿನ ಎಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ತಲೆಯಲ್ಲಿ ಸುಮಾರು 1,00,000 ಕೂದಲುಗಳಿವೆ. ಅವೆಲ್ಲವೂ 1100 ದಿನಗಳಿಗೊಮ್ಮೆ ಬದಲಾಗಬೇಕಾದರೆ ದಿನವೊಂದಕ್ಕೆ ಸುಮಾರು 90 ಕೂದಲು ಉದುರಲೇಬೇಕು. ಬಾಚಣಿಗೆಯಲ್ಲಿ ಐವತ್ತು ಅರುವತ್ತು ಕೂದಲು ಕಂಡೊಡನೆ ಗಾಬರಿಯಾಗುವ ತರುಣನು ಈ ಲೆಕ್ಕವನ್ನು ಮಾಡಿ ನೋಡಬೇಕು.

ಇನ್ನು ಆ ಮೂರು ಸಂಗತಿಗಳು. ಒಂದನೆಯದು, ಎಳೆಯು ನಡುವೆ ಮುರಿಯುವುದು. ಎರಡನೆಯದು, ವಿಶ್ರಾಂತಿ ಮುಗಿಸಿದ ಕೂದಲು ಬುಡಸಹಿತ ಕಳಚುವುದು. ಮೂರನೆಯದು, ಕೇಶಕೂಪವೇ ವರ್ಷದಿಂದ ವರ್ಷಕ್ಕೆ ಕುಗ್ಗಿ, ಹುಟ್ಟುವ ಕೂದಲು ತೆಳ್ಳಗಾಗುತ್ತ ಹೋಗುವುದು. ಮೊದಲಿನ ಎರಡನ್ನು ಗುರುತಿಸಲು ಉಪಕರಣವೇನೂ ಬೇಡ. ಬಿದ್ದ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿದರೆ, ತುದಿಯಲ್ಲಿ ಸಣ್ಣ ಬಿಳಿಯ ಗಂಟಿದ್ದಲ್ಲಿ ಅದು ಬುಡದಿಂದ ಕಳಚಿದ್ದು. ಎರಡು ತುದಿಗಳಲ್ಲಿಯೂ ಗಂಟಿಲ್ಲದಿದ್ದರೆ ಮುರಿದದ್ದು. ಮೂರನೆಯದನ್ನು ಬಾಚಣಿಗೆಯು ತೋರಿಸದು. ಗಂಡಸರಲ್ಲಿ ಹಣೆಯ ಎರಡು ಮೂಲೆಗಳೂ ನೆತ್ತಿಯೂ ಬಯಲಾಗುವುದು, ಹೆಂಗಸರಲ್ಲಿ ಬೈತಲೆ ಅಗಲವಾಗುವುದು ಅದರ ಲಕ್ಷಣಗಳು.

ಶಾಂಪೂ ಮುಟ್ಟಬಲ್ಲುದು ಮೊದಲನೆಯದನ್ನು ಮಾತ್ರ. ಅದರಲ್ಲಿರುವ ಸಿಲಿಕೋನ್ ಮುಂತಾದ ದ್ರವ್ಯಗಳು ಎಳೆಯ ಮೇಲೆ ತೆಳುವಾದ ಲೇಪವಾಗಿ ನಿಂತು ಘರ್ಷಣೆಯನ್ನು ತಗ್ಗಿಸುತ್ತವೆ. ಘರ್ಷಣೆ ತಗ್ಗಿದರೆ ಬಾಚುವಾಗ ಎಳೆಗಳು ಕಡಿಮೆ ಮುರಿಯುವುದು ನಿಜ. ಜಾಹೀರಾತಿನ ದೊಡ್ಡ ಅಕ್ಷರಗಳ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ‘ಮುರಿತದಿಂದಾಗುವ ಉದುರುವಿಕೆ’ ಎಂದೂ ‘ಕಂಡಿಷನರ್ ಇಲ್ಲದ ಶಾಂಪೂವಿಗೆ ಹೋಲಿಸಿದಾಗ’ ಎಂದೂ ಬರೆದಿರುವುದನ್ನು ಹುಡುಕಿ ಓದಿರಿ. ಹೇಳಿದ್ದು ಸುಳ್ಳಲ್ಲ, ಆದರೆ ಕೊಳ್ಳುವವನು ಅರ್ಥಮಾಡಿಕೊಳ್ಳುವುದು ಬೇರೆಯೇ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯಂತೆ ಸಾಮಾನ್ಯ ಶಾಂಪೂ ಶುಚಿಗೂ ಅಂದಕ್ಕೂ ಬಳಸುವ ವಸ್ತು, ರೋಗ ಗುಣಪಡಿಸುವ ಔಷಧವಲ್ಲ.

ಎರಡನೆಯ ಸಂಗತಿಯೇ ಮಾರಾಟಗಾರರಿಗೆ ಅತ್ಯಂತ ಲಾಭದಾಯಕವಾದದ್ದು. ಡೆಂಗಿ, ಟೈಫಾಯಿಡ್ ಮೊದಲಾದ ಜ್ವರ, ಹೆರಿಗೆ, ಅತಿಯಾದ ಉಪವಾಸ ಇವುಗಳ ತರುವಾಯ ಅನೇಕ ಕೇಶಕೂಪಗಳು ಒಮ್ಮೆಗೇ ವಿಶ್ರಾಂತಿಗೆ ಇಳಿಯುತ್ತವೆ. ಯಳಂದೂರಿನ ಒಬ್ಬ ವಿದ್ಯಾರ್ಥಿನಿಗೆ ಜುಲೈ ತಿಂಗಳಲ್ಲಿ ಡೆಂಗಿ ಬಂದಿತೆಂದು ಊಹಿಸಿಕೊಳ್ಳಿ. ಅಕ್ಟೋಬರಿನಲ್ಲಿ ಕೂದಲು ಹಿಡಿಹಿಡಿಯಾಗಿ ಕಳಚುತ್ತದೆ. ಜ್ವರದ ನೆನಪು ಆಗ ಮಾಸಿರುತ್ತದೆ. ನವೆಂಬರಿನಲ್ಲಿ ಆಕೆ ಗಮ್ಮಿಯ ಡಬ್ಬಿ ತರುತ್ತಾಳೆ. ಫೆಬ್ರವರಿ ಮಾರ್ಚಿಯ ವೇಳೆಗೆ ಉದುರುವುದು ನಿಲ್ಲುತ್ತದೆ. ಕೀರ್ತಿಯೆಲ್ಲ ಗಮ್ಮಿಗೆ! ಆದರೆ ಈ ಬಗೆಯ ಉದುರುವಿಕೆಯು ಕಾರಣ ತೊಲಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲತಕ್ಕದ್ದು. ನಿಲ್ಲದಿದ್ದರೆ ರಕ್ತಹೀನತೆಯನ್ನೋ ಥೈರಾಯಿಡ್ ಗ್ರಂಥಿಯ ದೋಷವನ್ನೋ ವೈದ್ಯರು ಪರೀಕ್ಷಿಸಿ ನೋಡಬೇಕು.

ಬಯೋಟಿನ್ ಒಂದು ಜೀವಸತ್ವ. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಕಾಳುಗಳಿಂದ ಅಷ್ಟು ಬರುತ್ತದೆ. ಇದರ ಕೊರತೆಯಿಂದ ಕೂದಲು ಉದುರುವುದುಂಟು, ಆದರೆ ಅಂಥ ಕೊರತೆಯು ಬಹು ವಿರಳ. ಕೊರತೆಯಿಲ್ಲದವರಿಗೆ ಇದರಿಂದ ಕೂದಲು ಹೆಚ್ಚುವುದೆಂಬುದಕ್ಕೆ ತಕ್ಕ ಪುರಾವೆಯಿಲ್ಲ. ಹೀಗಿದ್ದರೂ 5000, 10,000 ಮೈಕ್ರೋಗ್ರಾಂಗಳ ಗುಳಿಗೆಗಳು ಮಾರಾಟವಾಗುತ್ತಿವೆ. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಪ್ರಯೋಗಾಲಯ ಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತವೆ; ಥೈರಾಯಿಡ್ ಪರೀಕ್ಷೆ, ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪರೀಕ್ಷೆ ಇವುಗಳಲ್ಲಿ ಸೇರಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಎಚ್ಚರಿಕೆಯನ್ನು ಪ್ರಕಟಿಸಿತು. ಉದುರುವಿಕೆಯ ನಿಜವಾದ ಕಾರಣವನ್ನು ಹುಡುಕುವ ಪರೀಕ್ಷೆಯನ್ನೇ ಗಮ್ಮಿಯು ಕೆಡಿಸಬಹುದೆಂಬುದು ವಿಪರ್ಯಾಸ. ಆದುದರಿಂದ ರಕ್ತ ಕೊಡುವ ಮೊದಲು ಇದನ್ನು ಸೇವಿಸುತ್ತಿರುವ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಮಿನಾಕ್ಸಿಡಿಲ್‌ನ ಕಥೆ ಬೇರೆ. ಅದು ಮೊದಲು ರಕ್ತದ ಒತ್ತಡವನ್ನು ಇಳಿಸುವ ಗುಳಿಗೆಯಾಗಿತ್ತು. ಸೇವಿಸಿದವರ ಮೈಮೇಲೆ ಕೂದಲು ಬೆಳೆದುದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರಾವಣವಾಗಿ ಪರೀಕ್ಷಿಸಿದರು. 1988ರಲ್ಲಿ ಅಮೆರಿಕದಲ್ಲಿ ಶೇಕಡ 2ರ ದ್ರಾವಣಕ್ಕೆ ಅನುಮತಿ ದೊರೆಯಿತು. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 393 ಗಂಡಸರನ್ನು ಮೂರು ಗುಂಪು ಮಾಡಿ 48 ವಾರಗಳ ಬಳಿಕ ಕೂದಲನ್ನು ಎಣಿಸಿದರು. ಚದರ ಸೆಂಟಿಮೀಟರಿಗೆ ಶೇಕಡ 5ರ ದ್ರಾವಣದಿಂದ ಸುಮಾರು 19, ಶೇಕಡ 2ರಿಂದ ಸುಮಾರು 13, ಔಷಧವಿಲ್ಲದ ಹುಸಿ ದ್ರಾವಣದಿಂದ ಸುಮಾರು 4 ಕೂದಲು ಹೆಚ್ಚಿದವು. ಹುಸಿ ದ್ರಾವಣದಿಂದಲೂ 4 ಎಂಬುದನ್ನು ಗಮನಿಸಿರಿ. ಹೋಲಿಕೆಯ ಗುಂಪಿಲ್ಲದಿದ್ದರೆ ಆ ನಾಲ್ಕನ್ನೇ ಜಯವೆಂದು ಸಾರಬಹುದಾಗಿತ್ತು.

ಇದು ಕೆಲಸ ಮಾಡುವುದು ಮುಖ್ಯವಾಗಿ ಮೂರನೆಯ ಸಂಗತಿಯಲ್ಲಿ, ಅದೂ ಕೇಶಕೂಪಗಳು ಇನ್ನೂ ಉಳಿದಿರುವಾಗ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಕೆಲವು ವಾರಗಳಲ್ಲಿ ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಉದುರುವುದು ಹೆಚ್ಚಲೂಬಹುದು. ಹೆದರಿ ಬಿಡುವವರು ಬಹಳ. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ತಲೆಯ ತುರಿಕೆ, ಮುಖದಲ್ಲಿ ಕೂದಲು ಮುಂತಾದ ತೊಂದರೆಗಳೂ ಉಂಟು. ಹದಿನೆಂಟು ತುಂಬದವರೂ ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ತಾವಾಗಿ ಹಚ್ಚಬಾರದು.

ಆದುದರಿಂದ ನನ್ನ ಸಲಹೆ ಇಷ್ಟು: ಕೊಳ್ಳುವ ಮೊದಲು, ಮೂರರಲ್ಲಿ ತನಗಾದದ್ದು ಯಾವುದೆಂದು ಪ್ರತಿಯೊಬ್ಬನೂ ವಿಚಾರಿಸಲಿ. ಮುರಿಯುತ್ತಿದ್ದರೆ ಮೃದುವಾಗಿ ಬಾಚಲಿ, ಸಾಮಾನ್ಯ ಕಂಡಿಷನರ್ ಹಚ್ಚಲಿ. ಕಳಚುತ್ತಿದ್ದರೆ ಹಿಂದಿನ ಮೂರು ತಿಂಗಳನ್ನು ನೆನೆಯಲಿ. ತೆಳ್ಳಗಾಗುತ್ತಿದ್ದರೆ ಚರ್ಮವೈದ್ಯರನ್ನು ಕಾಣಲಿ. ಸರಕಾರವು ಮಾಡಬೇಕಾದದ್ದು ಒಂದುಂಟು. ಜಾಹೀರಾತಿನ ಆ ಸಣ್ಣಕ್ಷರದ ಷರತ್ತನ್ನು ದೊಡ್ಡ ಮಾತಿನಷ್ಟೇ ದೊಡ್ಡದಾಗಿ, ಕನ್ನಡದಲ್ಲಿ, ಸೀಸೆಯ ಮುಂಬದಿಯಲ್ಲಿಯೇ ಅಚ್ಚುಮಾಡಬೇಕೆಂದು ವಿಧಿಸಲಿ. ‘ಮುರಿತ’ ಎಂಬ ಒಂದು ಪದ ಓದುವಂತಾದರೆ ಹಾಸ್ಟೆಲಿನ ಅನೇಕ ಹುಡುಗರ ತಿಂಡಿಯ ಹಣ ಉಳಿದೀತು.