ಬಿಲ್ಲಿನಲ್ಲಿ ಬರುವ ಬೆಲೆ

ಮುಂಬಯಿಯ ವಿಕ್ರೋಲಿಯಲ್ಲಿರುವ ಗೋದ್ರೆಜ್ ಮತ್ತು ಬಾಯ್ಸ್ ಕಂಪನಿ ಹದಿನೈದು ವರ್ಷಗಳ ಹಿಂದೆ ಚೋಟುಕೂಲ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಫ್ರಿಜ್ಜೇ ಇಲ್ಲದ ಮನೆಗಳಿಗೆ ಮೂರು ಸಾವಿರದ ಆಸುಪಾಸಿನಲ್ಲಿ ಏನು ಕೊಡಬಹುದು ಎಂಬ ಪ್ರಶ್ನೆಯಿಂದ ಹುಟ್ಟಿದ ವಸ್ತು ಅದು. ನಲವತ್ತಮೂರು ಲೀಟರಿನ ಪೆಟ್ಟಿಗೆ, ತೂಕ ಎಂಟು ಕಿಲೋಗಿಂತ ಕಡಿಮೆ, ಮುಚ್ಚಳ ಮೇಲ್ಗಡೆ. ಬಾಗಿಲು ಪಕ್ಕದಲ್ಲಿದ್ದರೆ ತೆರೆದಾಗಲೆಲ್ಲ ತಣ್ಣನೆಯ ಗಾಳಿ ಕೆಳಗೆ ಸುರಿದುಹೋಗುತ್ತದೆ, ಮೇಲಿದ್ದರೆ ಒಳಗೇ ಉಳಿಯುತ್ತದೆ. ಕಂಪ್ರೆಸರ್ ಇಲ್ಲ. ಅದರ ಜಾಗದಲ್ಲಿ ವಿದ್ಯುತ್ ಹರಿದರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಮುಖ ಬಿಸಿಯಾಗುವ ಚಿಪ್ಪು, ಜೊತೆಗೊಂದು ಫ್ಯಾನು. ಸಾಮಾನ್ಯ ಫ್ರಿಜ್ಜಿನ ಇನ್ನೂರರಷ್ಟು ಬಿಡಿಭಾಗಗಳು ಇಲ್ಲಿ ಇಪ್ಪತ್ತಕ್ಕೆ ಇಳಿದವು.

ಟಾರ್ಗೆಟ್ ಕಾಸ್ಟಿಂಗ್ ಎನ್ನುವುದು ಇದನ್ನೇ. ವಸ್ತುವನ್ನು ಮಾಡಿ, ಖರ್ಚು ಕೂಡಿಸಿ, ಮೇಲೆ ಲಾಭ ಹಾಕಿ ಬೆಲೆ ಹೇಳುವುದು ಹಳೆಯ ಪದ್ಧತಿ. ಇಲ್ಲಿ ಲೆಕ್ಕ ತಿರುಗುಮುರುಗು. ಗಿರಾಕಿ ಎಷ್ಟು ಕೊಡಬಲ್ಲ ಎಂಬುದು ಮೊದಲು, ಅದರಿಂದ ಲಾಭ ಕಳೆಯುವುದು ಆಮೇಲೆ, ಉಳಿದಷ್ಟರಲ್ಲಿ ವಸ್ತುವನ್ನು ಮಾಡಿ ಮುಗಿಸುವ ತಲೆನೋವು ವಿನ್ಯಾಸಕಾರನಿಗೆ. ವಿನ್ಯಾಸಕ್ಕೆ ಇಷ್ಟು ಶಿಸ್ತು ತರುವ ಲೆಕ್ಕ ಇನ್ನೊಂದಿಲ್ಲ. ಆದರೆ ಅದು ಕುರುಡಾಗಿರುವ ಒಂದು ಜಾಗವಿದೆ, ಚೋಟುಕೂಲ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಅಷ್ಟೇ ತಂಪು ಹುಟ್ಟಿಸಲು ಆ ಚಿಪ್ಪಿಗೆ ಕಂಪ್ರೆಸರ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಪೆಟ್ಟಿಗೆ ಚಿಕ್ಕದಾದ್ದರಿಂದ ಒಟ್ಟು ಬಳಕೆ ದೊಡ್ಡದಾಗಿ ಕಾಣಲಿಕ್ಕಿಲ್ಲ, ಆದರೆ ಲೀಟರಿಗೆ ಹಂಚಿ ನೋಡಿದರೆ ಅಗ್ಗದ ಫ್ರಿಜ್ಜು ಅಷ್ಟು ಅಗ್ಗವಲ್ಲ. ಐಸ್ ಅಂತೂ ಕಟ್ಟುವುದಿಲ್ಲ. ಹಳ್ಳಿಮನೆಗಳಿಗೆಂದು ಮಾಡಿದ ಈ ಪೆಟ್ಟಿಗೆ ಮುಂದೆ ಪಟ್ಟಣದವರ ಎರಡನೆಯ ಫ್ರಿಜ್ಜಾಗಿ ಹೊಸ ರೂಪದಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಕಾರಣಗಳು ಹಲವು, ವಿದ್ಯುತ್ ಒಂದೇ ಅಲ್ಲ.

ಈ ಕುರುಡುತನಕ್ಕೆ ನಿಜವಾದ ದಂಡ ತೆರುವುದು ಏಸಿ ಕೊಳ್ಳುವವರು. ಮಲಾಡ್‌ನದೋ ಮುಲುಂಡ್‌ನದೋ ಒಂದು ಫ್ಲ್ಯಾಟಿಗೆ ಒಂದೂವರೆ ಟನ್ನಿನ ಏಸಿ ಬೇಕು ಎಂದುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕ ಬಿಡಿಸಲು ಇಟ್ಟುಕೊಂಡವು, ಯಾವುದೇ ಕಂಪನಿಯವಲ್ಲ. ಅಂಗಡಿಯಲ್ಲಿ ₹40,000ಕ್ಕಿಂತ ಹೆಚ್ಚಾದರೆ ಗಿರಾಕಿ ಪಕ್ಕದ ಬ್ರಾಂಡಿಗೆ ಹೋಗುತ್ತಾನೆ. ಅದರಲ್ಲಿ ಈಗಿನ ಶೇ. 18ರ ಜಿಎಸ್‌ಟಿ ಕಳೆದರೆ ಸುಮಾರು ₹33,900. ಡೀಲರಿಗೆ ಶೇ. 12 ಹೋದರೆ ₹29,800. ಕಂಪನಿಯ ಜಾಹೀರಾತು, ಆಡಳಿತ ಮತ್ತು ಲಾಭಕ್ಕೆ ಶೇ. 15 ತೆಗೆದರೆ ಕಾರ್ಖಾನೆಗೆ ಉಳಿಯುವುದು ಸುಮಾರು ₹25,300. ಏಸಿ ಇಷ್ಟರಲ್ಲಿ ತಯಾರಾಗಬೇಕು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕಾರ್ಖಾನೆಯಲ್ಲಿ ನೂರು ರೂಪಾಯಿ ಹೆಚ್ಚಾದರೆ ಅಂಗಡಿಯ ಚೀಟಿಯಲ್ಲಿ ನೂರೈವತ್ತೆಂಟು ಹೆಚ್ಚಾಗುತ್ತದೆ. ಮೀಟಿಂಗಿನಲ್ಲಿ ಎಲ್ಲರ ಕೈಯೂ ಕತ್ತರಿಗೆ ಹೋಗುವುದು ಇದರಿಂದಲೇ.

ಈಗ ವಿನ್ಯಾಸಕಾರ ಬಂದು, ದೊಡ್ಡ ಕಾಯಿಲ್ ಮತ್ತು ಒಳ್ಳೆಯ ಕಂಪ್ರೆಸರ್ ಹಾಕಲು ₹4,000 ಹೆಚ್ಚು ಬೇಕು, ವರ್ಷಕ್ಕೆ 250 ಯುನಿಟ್ ಉಳಿಯುತ್ತದೆ ಎನ್ನುತ್ತಾನೆ. ಚೀಟಿಯ ಬೆಲೆ ₹6,300 ಏರುತ್ತದೆ. ಗುರಿ ಚೀಟಿಯ ಮೇಲಷ್ಟೇ ಇದ್ದರೆ ಆ ಪ್ರಸ್ತಾಪ ಮೊದಲ ಮೀಟಿಂಗಿನಲ್ಲೇ ಸಾಯುತ್ತದೆ, ಯಾರಿಗೂ ಪಶ್ಚಾತ್ತಾಪವೂ ಆಗುವುದಿಲ್ಲ. ಏಕೆಂದರೆ ಆ 250 ಯುನಿಟ್ ಕಂಪನಿಯ ಯಾವ ಲೆಡ್ಜರಿನಲ್ಲೂ ಇಲ್ಲ. ಇರುವುದು ಕೊಂಡವನ ಮನೆಯ ಬಿಲ್ಲಿನಲ್ಲಿ.

ಲೈಫ್ ಸೈಕಲ್ ಕಾಸ್ಟಿಂಗ್ ಆ ಬಿಲ್ಲನ್ನು ಮೇಜಿನ ಮೇಲೆ ತಂದಿಡುತ್ತದೆ: ಕೊಳ್ಳುವ ಬೆಲೆ, ಓಡಿಸುವ ಖರ್ಚು, ರಿಪೇರಿ, ಕೊನೆಗೆ ಗುಜರಿಗೆ ಹೋಗುವಾಗಿನ ಲೆಕ್ಕ, ಎಲ್ಲವೂ ಒಟ್ಟಿಗೆ. ಇಲ್ಲಿ ಹಲವರು ಎಡವುವುದು ಯುನಿಟ್ಟಿನ ದರದಲ್ಲಿ. ಮುಂಬಯಿಯಲ್ಲಿ ವಿದ್ಯುತ್ ದರ ಹಂತಹಂತವಾಗಿ ಏರುತ್ತದೆ. ಏಸಿಯ ಯುನಿಟ್ಟುಗಳು ದೀಪ, ಫ್ಯಾನು, ಫ್ರಿಜ್ಜುಗಳ ಮೇಲೆ ಬಂದು ಕೂರುವುದರಿಂದ ಅವು ಮೇಲಿನ ಹಂತದ ದರದಲ್ಲೇ ಬೀಳುತ್ತವೆ. ಸರಾಸರಿ ದರ ಹಿಡಿದು ಲೆಕ್ಕ ಹಾಕಿದರೆ ಉಳಿತಾಯ ಕಡಿಮೆ ಕಾಣುತ್ತದೆ. ಮೇಲಿನ ಹಂತ ಯುನಿಟ್ಟಿಗೆ ₹12 ಎಂದಿಟ್ಟುಕೊಂಡರೆ ವರ್ಷಕ್ಕೆ ₹3,000. ಹತ್ತು ವರ್ಷಕ್ಕೆ ₹30,000 ಎಂದು ಸುಮ್ಮನೆ ಗುಣಿಸುವಂತಿಲ್ಲ, ಹತ್ತನೆಯ ವರ್ಷದ ರೂಪಾಯಿ ಇವತ್ತಿನ ರೂಪಾಯಿಯಲ್ಲ. ಶೇ. 10ರ ಬಡ್ಡಿ ಹಿಡಿದರೆ ಇವತ್ತಿನ ಬೆಲೆ ಸುಮಾರು ₹18,400. ದುಬಾರಿ ಸಾಲದ ಶೇ. 24 ಹಿಡಿದರೂ ₹11,000. ಕೇಳಿದ್ದು ಮಾತ್ರ ₹6,300.

ಇದು ಎಲ್ಲರಿಗೂ ಒಪ್ಪುವ ಲೆಕ್ಕವಲ್ಲ. ಏಸಿಯ ನಕ್ಷತ್ರದ ಚೀಟಿಯಲ್ಲಿರುವ ವಾರ್ಷಿಕ ಬಳಕೆ ವರ್ಷಕ್ಕೆ 1,600 ಗಂಟೆ ಓಡಿದರೆ ಎಂಬ ಲೆಕ್ಕದ್ದು. ಏಪ್ರಿಲ್-ಮೇ ರಾತ್ರಿಗಳಲ್ಲಿ ಮಾತ್ರ 400 ಗಂಟೆ ಓಡಿಸುವ ಮನೆಗೆ ಉಳಿಯುವುದು ವರ್ಷಕ್ಕೆ ₹750, ಶೇ. 10ರ ಬಡ್ಡಿಯಲ್ಲೂ ಹತ್ತು ವರ್ಷಕ್ಕೆ ₹4,600. ಅವರಿಗೆ ದೊಡ್ಡ ಕಾಯಿಲ್ ನಷ್ಟದ ಬಾಬತ್ತು. ಹಾಗಾಗಿ ಗಿರಾಕಿಯನ್ನು ಎಷ್ಟು ಕೊಡಬಲ್ಲೆ ಎಂದು ಕೇಳಿದರೆ ಸಾಲದು, ಎಷ್ಟು ಗಂಟೆ ಓಡಿಸುತ್ತೀ ಎಂದೂ ಕೇಳಬೇಕು. ಜೊತೆಗೆ ಕಡಲ ಗಾಳಿ. ಜುಹೂ, ವರ್ಸೋವಾದ ಉಪ್ಪಿಗೆ ಹೊರಗಿನ ಯುನಿಟ್ಟಿನ ಅಲ್ಯೂಮಿನಿಯಂ ಹಾಳೆಗಳು ಪುಡಿಯಾಗುತ್ತವೆ, ಕೊಳವೆ ತೂತಾಗಿ ಗ್ಯಾಸ್ ಸೋರುತ್ತದೆ. ಲೇಪನಕ್ಕೆ ಕಾರ್ಖಾನೆಯಲ್ಲಿ ಉಳಿಸಿದ ಸಣ್ಣ ಮೊತ್ತ ವಾರಂಟಿ ಮುಗಿದ ಮೇಲೆ ಮೆಕ್ಯಾನಿಕ್ಕಿನ ಬಿಲ್ಲಾಗಿ ಹಲವು ಪಟ್ಟು ಬೆಳೆದು ಬರುತ್ತದೆ. ಒಂದು ಕಂಪನಿಯ ವಿನ್ಯಾಸ ಮೀಟಿಂಗಿನಲ್ಲಿ ಸರ್ವಿಸ್ ವಿಭಾಗದವರಿಗೆ ಕುರ್ಚಿ ಇದೆಯೇ ಎಂದು ನೋಡಿದರೆ ಸಾಕು, ಅಲ್ಲಿ ಯಾವ ಖರ್ಚು ಲೆಕ್ಕಕ್ಕಿದೆ ಎಂದು ತಿಳಿಯುತ್ತದೆ.

ಹಾಗಾದರೆ ಟಾರ್ಗೆಟ್ ಕಾಸ್ಟಿಂಗ್ ಬಿಡಬೇಕೇ? ಬೇಡ. ಗುರಿ ಎರಡಾಗಬೇಕು, ಎರಡನ್ನೂ ಮೊದಲೇ ಬರೆದಿಡಬೇಕು. ಇದರ ಮಾದರಿ ಮುಂಬಯಿಯ ಅಂಚಿನಲ್ಲೇ, ಡೊಂಬಿವಿಲಿ ಪಕ್ಕದ ಪಲಾವಾದಲ್ಲಿದೆ. 2018ರಲ್ಲಿ ಘೋಷಣೆಯಾದ ಗ್ಲೋಬಲ್ ಕೂಲಿಂಗ್ ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿನ ಏಸಿಗಳನ್ನು ಅಲ್ಲಿನ ಫ್ಲ್ಯಾಟುಗಳಲ್ಲಿ ಇಟ್ಟು ಪರೀಕ್ಷಿಸಿದ್ದರು. ನಿಯಮ ಸರಳ: ಹವಾಮಾನದ ಮೇಲಿನ ಹೊರೆ, ಅಂದರೆ ವಿದ್ಯುತ್ ಮತ್ತು ಗ್ಯಾಸ್ ಸೇರಿ, ಸಾಮಾನ್ಯ ಏಸಿಯ ಐದನೆಯ ಒಂದಕ್ಕೆ ಇಳಿಯಬೇಕು. ದೊಡ್ಡ ಪ್ರಮಾಣದಲ್ಲಿ ತಯಾರಾದಾಗ ಬೆಲೆ ಸಾಮಾನ್ಯ ಏಸಿಯ ಎರಡು ಪಟ್ಟು ಮೀರಬಾರದು. ಗೋದ್ರೆಜ್ ತಂಡವೂ ಅಂತಿಮ ಸುತ್ತಿನಲ್ಲಿತ್ತು. 2021ರಲ್ಲಿ ಗೆದ್ದವು ಡೈಕಿನ್ ಮತ್ತು ಗ್ರೀ ಮುಂದಾಳತ್ವದ ಎರಡು ತಂಡಗಳು. ಕೊಳ್ಳುವ ಬೆಲೆಗೊಂದು ಮಿತಿ, ಬಳಕೆಗೊಂದು ಮಿತಿ. ಎರಡರ ನಡುವೆ ವಿನ್ಯಾಸಕಾರ ಸ್ವತಂತ್ರ. ಬೆಲೆಯ ಮಿತಿ ಒಂದೇ ಇದ್ದಿದ್ದರೆ ಅದೇ ಎಂಜಿನಿಯರುಗಳು ಕಾಯಿಲ್ ಕತ್ತರಿಸುವುದರಲ್ಲಿ ಪೈಪೋಟಿಗಿಳಿಯುತ್ತಿದ್ದರು.

ಆದರೂ ಈ ಊರಿನಲ್ಲಿ ಒಂದು ತೊಡಕು ಉಳಿಯುತ್ತದೆ, ಅದನ್ನು ಯಾವ ವಿನ್ಯಾಸವೂ ಬಿಡಿಸಲಾರದು. ಮುಂಬಯಿಯ ಬಾಡಿಗೆ ಮನೆಗಳು ನಡೆಯುವುದು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ. ಏಸಿ ಕೊಳ್ಳುವವನು ಮನೆಯ ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ. ಹತ್ತು ವರ್ಷದ ಲೆಕ್ಕ ಎಷ್ಟು ಸರಿಯಿದ್ದರೂ ₹6,300 ಕೊಡಬೇಕಾದವನಿಗೆ ಅದರಿಂದ ಒಂದು ಪೈಸೆ ಲಾಭವಿಲ್ಲ, ಲಾಭ ಪಡೆಯಬೇಕಾದವನು ಮುಂದಿನ ವರ್ಷ ಆ ಮನೆಯಲ್ಲಿರುತ್ತಾನೋ ಇಲ್ಲವೋ. ಅಂಗಡಿಯವನಿಗೂ ಇದು ಗೊತ್ತು. ಮನೆ ಬಾಡಿಗೆಗೆ ಕೊಡೋಕಾ ಅಂತ ಕೇಳಿ, ಹೌದು ಎಂದರೆ ಮೂರು ನಕ್ಷತ್ರದ ಪೆಟ್ಟಿಗೆಯ ಕಡೆಗೆ ಕರೆದೊಯ್ಯುತ್ತಾನೆ.