ಮೊದಲ ಕಂತಿನ ದಿನದ ಲೆಕ್ಕ



ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ಮಠಗಳಿಗೆ, ಬಸವ ಕೇಂದ್ರಗಳಿಗೆ ತಂದೆ-ತಾಯಿಗಳು ಒಂದು ಚೀಟಿ ಹಿಡಿದು ಬರುತ್ತಾರೆ. ಅದರಲ್ಲಿ ಕಾಲೇಜಿನ ಹೆಸರು, ಶುಲ್ಕ, ಬ್ಯಾಂಕಿನವರು ಕೊಡಲು ಒಪ್ಪಿದ ಸಾಲ ಇರುತ್ತವೆ. ಇರಬೇಕಾದ ನಾಲ್ಕನೆಯ ಅಂಕಿ ಇರುವುದಿಲ್ಲ. ಕಂತು ಶುರುವಾಗುವ ದಿನ ಎಷ್ಟು ಸಾಲ ಇರುತ್ತದೆ, ಆ ದಿನ ಮಗುವಿನ ಕೈಗೆ ಎಷ್ಟು ಸಂಬಳ ಬರುತ್ತಿರುತ್ತದೆ ಎಂಬುದೇ ಆ ಅಂಕಿ. ಈ ಸಲದ ಸಂಪಾದಕೀಯವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ.

ಜೊಯಿಡಾ ತಾಲ್ಲೂಕಿನ ರಾಮನಗರ ಕಡೆಯ ಒಬ್ಬ ತಂದೆ ಮಗಳೊಂದಿಗೆ ಬಂದಿದ್ದರು. ಸ್ವಲ್ಪ ಅಡಿಕೆ, ಸ್ವಲ್ಪ ಭತ್ತ, ಎರಡು ಎಮ್ಮೆ. ಹುಡುಗಿಗೆ ಎರಡು ದಾರಿಗಳಿದ್ದವು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟು ಒಂದು, ಸಿಇಟಿ ಮೂಲಕ ಹುಬ್ಬಳ್ಳಿ ಕಡೆ ಸಿಗುವ ಎಲೆಕ್ಟ್ರಾನಿಕ್ಸ್ ಸೀಟು ಇನ್ನೊಂದು. "ಬ್ಯಾಂಕಿನವ್ರು ಏಳೂವರಿ ಲಕ್ಷದ ತನಕ ಕೊಡ್ತೀವಿ ಅಂದಾರ್ರಿ, ಅಡಮಾನ ಏನೂ ಬ್ಯಾಡಂತ. ಹಂಗಾರ ಬೆಂಗಳೂರಿಗೇ ಕಳಸೂಣಲ್ರಿ?" ಎಂದು ಕೇಳಿದರು.

ಅಡಮಾನ ಬೇಡ ಎಂಬ ಮಾತಿಗೆ ನಮ್ಮ ತಾಲ್ಲೂಕಿನಲ್ಲಿ ವಿಶೇಷ ತೂಕವಿದೆ. ಇಲ್ಲಿ ಸಾಗುವಳಿ ಮಾಡುವ ಎಷ್ಟೋ ಜನರ ನೆಲ ಅರಣ್ಯದ ಲೆಕ್ಕದಲ್ಲಿದೆ, ಮಾಲ್ಕಿ ಪಹಣಿ ಇರುವುದು ಸ್ವಲ್ಪ ಭಾಗಕ್ಕೆ ಮಾತ್ರ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯ ಆಧಾರದ ಮೇಲೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಹೀಗಾಗಿ ನಮ್ಮವರಿಗೆ ಏಳೂವರೆ ಲಕ್ಷವೇ ಬೇಲಿ, ಎಲ್ಲರೂ ಆ ಬೇಲಿಯವರೆಗೂ ಹೋಗಿ ನಿಲ್ಲುತ್ತಾರೆ. ಬ್ಯಾಂಕು ಎಷ್ಟು ಕೊಡಬಹುದು ಎಂಬುದನ್ನು ಈ ಮಿತಿ ಹೇಳುತ್ತದೆ. ಮಗು ಎಷ್ಟು ತೀರಿಸಬಲ್ಲದು ಎಂಬುದನ್ನು ಹೇಳುವುದಿಲ್ಲ.

ಅವರ ಮುಂದೆಯೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಬೆಂಗಳೂರಿನ ಸೀಟಿಗೆ ವರ್ಷಕ್ಕೆ 1 ಲಕ್ಷ 80 ಸಾವಿರದಂತೆ ನಾಲ್ಕು ವರ್ಷಕ್ಕೆ 7 ಲಕ್ಷ 20 ಸಾವಿರ ಸಾಲ. ಬಡ್ಡಿ ಶೇಕಡಾ 10 ಎಂದು ಹಿಡಿದೆವು. ಓದುವ ನಾಲ್ಕು ವರ್ಷ, ಆ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಹಳ ಮಂದಿ ಇದನ್ನು ಬಡ್ಡಿ ಇಲ್ಲದ ಅವಧಿ ಎಂದು ತಿಳಿದಿದ್ದಾರೆ, ಅದು ತಪ್ಪು. ಆ ಐದೂ ವರ್ಷ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ. ಒಟ್ಟು 2 ಲಕ್ಷ 52 ಸಾವಿರ. ಕಂತು ಶುರುವಾಗುವ ದಿನ ಇದೆಲ್ಲ ಅಸಲಿಗೆ ಸೇರಿ ಸಾಲ 9 ಲಕ್ಷ 72 ಸಾವಿರ ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,850 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 10,450ರಷ್ಟು, ಆದರೆ ಕಟ್ಟಿದ ಒಟ್ಟು ಹಣ ಹದಿನೆಂಟೂವರೆ ಲಕ್ಷ ದಾಟುತ್ತದೆ.

ತಂದೆ ಕಾಗದವನ್ನೇ ನೋಡುತ್ತ ಕುಳಿತರು. ಹುಡುಗಿ ಕೇಳಿದಳು, "ಸರ್, ಅಲ್ಲಿ ಪ್ಲೇಸ್‌ಮೆಂಟ್ ಹನ್ನೆರಡು ಲಕ್ಷದ ತನಕ ಐತಂತಲ್ರಿ?"

ಕಾಲೇಜಿನ ಬಣ್ಣದ ಪುಸ್ತಕದಲ್ಲಿ ಅಚ್ಚಾಗುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬರದ್ದು. ಸರಾಸರಿ ಎಂದು ಕೊಟ್ಟರೂ ಅದು ಸಾಮಾನ್ಯವಾಗಿ ಕೆಲಸ ಸಿಕ್ಕವರ ಸರಾಸರಿ, ಸಿಗದವರು ಆ ಲೆಕ್ಕದಲ್ಲಿ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ ವಿಭಾಗದಲ್ಲಿ ಅರವತ್ತು ಮಕ್ಕಳಿದ್ದರೆ, ಕೆಲಸ ಸಿಗದವರನ್ನೂ ಸೇರಿಸಿ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ಮೂವತ್ತನೆಯ ಮಗುವಿನ ಸಂಬಳ ಎಷ್ಟು? ಕಾಲೇಜಿನವರು ಹೇಳದಿದ್ದರೆ ಕಳೆದ ವರ್ಷ ಅಲ್ಲಿಂದ ಹೊರಬಿದ್ದ ನಾಲ್ಕಾರು ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ನಾನು ಸೇತುವೆ ಕಟ್ಟಿಸುತ್ತಿದ್ದಾಗ ಸರಾಸರಿ ಮಳೆಗೆ ಅಳತೆ ಹಿಡಿಯುತ್ತಿರಲಿಲ್ಲ, ಹೊಳೆ ಉಕ್ಕಿದ ವರ್ಷದ ನೀರಿಗೆ ಹಿಡಿಯುತ್ತಿದ್ದೆವು. ಇಪ್ಪತ್ತೆರಡು ವರ್ಷದ ಮಗುವಿನ ಹೆಗಲ ಮೇಲೆ ಇಡುವ ಭಾರಕ್ಕೂ ಕೆಟ್ಟ ವರ್ಷವನ್ನೇ ಅಳತೆಗೋಲು ಮಾಡಿಕೊಳ್ಳಬೇಕು.

ದೊಡ್ಡ ಐಟಿ ಸೇವಾ ಕಂಪನಿಗಳು ಸಾಮೂಹಿಕವಾಗಿ ತೆಗೆದುಕೊಳ್ಳುವ ಹೊಸಬರಿಗೆ ಹತ್ತಾರು ವರ್ಷಗಳಿಂದಲೂ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಸಂಬಳ ಕೊಡುತ್ತಿವೆ. ಅದರಲ್ಲಿ ಭವಿಷ್ಯ ನಿಧಿ, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿರುವುದರಿಂದ ಕೈಗೆ ಬರುವುದು ತಿಂಗಳಿಗೆ 23 ಸಾವಿರದಷ್ಟು. ಜೊಯಿಡಾದ ಮಗು ಮನೆಯಿಂದ ಕೆಲಸಕ್ಕೆ ಹೋಗಿಬರುವ ಹಾಗಿಲ್ಲ. ಬೆಂಗಳೂರಿನಲ್ಲಿ ಪಿಜಿ, ಬಸ್ಸು, ಫೋನು, ಹಬ್ಬಕ್ಕೊಮ್ಮೆ ಊರು ಎಂದರೆ ಬಿಗಿ ಹಿಡಿದರೂ 15 ಸಾವಿರ ಬೇಕು. ಉಳಿಯುವುದು 8 ಸಾವಿರ, ಕಂತು 12,850. ತಿಂಗಳಿಗೆ ಸುಮಾರು ಐದು ಸಾವಿರ ಕೊರತೆ. ಅದನ್ನು ರಾಮನಗರದ ಎಮ್ಮೆಗಳೇ ತುಂಬಬೇಕು.

ಇದು ಕೆಲಸ ಸಮಯಕ್ಕೆ ಸಿಕ್ಕರೆ ಆಗುವ ಲೆಕ್ಕ. 2022ರಲ್ಲಿ ಬೆಂಗಳೂರಿನ ಒಂದು ಹೆಸರಾಂತ ಐಟಿ ಕಂಪನಿಯಿಂದ ನೇಮಕಾತಿ ಪತ್ರ ಪಡೆದ ಹಲವು ಮಕ್ಕಳು ಎರಡು ವರ್ಷ ಕಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಬ್ಯಾಂಕಿನ ವಿನಾಯಿತಿ ಓದಿನ ನಂತರ ಒಂದೇ ವರ್ಷ. ಪತ್ರ ಕೈಯಲ್ಲಿ, ಕಂತು ತಲೆಯ ಮೇಲೆ.

ಈಗ ಎರಡನೆಯ ದಾರಿ. ಸಿಇಟಿ ಸೀಟಿನ ಶುಲ್ಕಕ್ಕೆ ವರ್ಷಕ್ಕೆ 80 ಸಾವಿರ ಸಾಲ, ನಾಲ್ಕು ವರ್ಷಕ್ಕೆ 3 ಲಕ್ಷ 20 ಸಾವಿರ. ನಾಲ್ಕು ಲಕ್ಷದೊಳಗಿನ ಸಾಲಕ್ಕೆ ನಮ್ಮ ಪಾಲಿನ ಹಣ ಎಂದು ಏನನ್ನೂ ಹಾಕಬೇಕಿಲ್ಲ. ಅದೇ ರೀತಿ ಬಡ್ಡಿ ಸೇರಿ ಕಂತಿನ ದಿನ ಸಾಲ 4 ಲಕ್ಷ 32 ಸಾವಿರ, ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 5,700. ಉಳಿಯುವ 8 ಸಾವಿರದೊಳಗೆ ಇದು ಕೂರುತ್ತದೆ. ಐಟಿ ಸಿಗದೆ ಸಣ್ಣ ಕಾರ್ಖಾನೆಯಲ್ಲಿ 17-18 ಸಾವಿರಕ್ಕೆ ಸೇರಿದರೂ, ಹುಬ್ಬಳ್ಳಿಯಂಥ ಊರಲ್ಲಿದ್ದರೆ, ಕಷ್ಟಪಟ್ಟು ಕೂರುತ್ತದೆ. ಸುಲಭ ಎಂದು ನಾನು ಹೇಳುವುದಿಲ್ಲ. ನನ್ನದೇ ಸಿವಿಲ್ ಕ್ಷೇತ್ರದಲ್ಲಿ ಗುತ್ತಿಗೆದಾರರ ಬಳಿ ಬರುವ ಹೊಸ ಹುಡುಗರ ಸಂಬಳ ನೋಡಿದ್ದೇನೆ, ಅದಕ್ಕಿಂತ ಕಡಿಮೆಯೂ ಉಂಟು.

ಈ ಸಣ್ಣ ಸಾಲವನ್ನು ಇನ್ನೂ ಹಗುರ ಮಾಡಬಹುದು. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ 667, ಎರಡನೆಯ ವರ್ಷ 1,333, ಮೂರನೆಯದು 2,000, ಕೊನೆಯ ಎರಡು ವರ್ಷ 2,667 ರೂಪಾಯಿ. ಹಾಗೆ ಮಾಡಿದರೆ ಕಂತಿನ ದಿನ ಸಾಲ 3 ಲಕ್ಷ 20 ಸಾವಿರವೇ ಇರುತ್ತದೆ, ಕಂತು 4,230ಕ್ಕೆ ಇಳಿಯುತ್ತದೆ. ಕೆಲವು ಬ್ಯಾಂಕುಗಳು ಹೀಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇಕಡಾ 1 ರಿಯಾಯಿತಿಯನ್ನೂ ಕೊಡುತ್ತವೆ. ಸಾಲ ಮಂಜೂರಾಗುವ ಮುಂಚೆಯೇ ಕೇಳಿಕೊಳ್ಳಬೇಕು.

ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರವೇ ಈ ಐದು ವರ್ಷದ ಬಡ್ಡಿ ಭರಿಸುವ ಯೋಜನೆ ಇದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಬೇಕು. ಸಾಲ ಮಾದರಿ ಶಿಕ್ಷಣ ಸಾಲ ಯೋಜನೆಯಡಿಯೇ ಮಂಜೂರಾಗಿರಬೇಕು, ಅದನ್ನು ಮಂಜೂರಾತಿ ಪತ್ರದಲ್ಲಿ ಓದಿ ನೋಡಿ. ಓದು ನಡುವೆ ಬಿಟ್ಟರೆ ಸಹಾಯಧನ ಇಲ್ಲ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಸಂಸ್ಥೆಗಳ ಪಟ್ಟಿಗೆ ಸೀಮಿತ, ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದರಲ್ಲಿ ಅವಕಾಶವಿಲ್ಲ. ನಮ್ಮ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಬಸವ ಬೆಳಗು ಯೋಜನೆಯಲ್ಲಿ ಶೇಕಡಾ 2ರ ಬಡ್ಡಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಸಾಲವುಂಟು. ಅರ್ಜಿ ಹಾಕಲೇಬೇಕು, ಆದರೆ ಹಣ ಖಾತೆಗೆ ಬರುವ ತನಕ ಅದನ್ನು ನಂಬಿ ಸೀಟು ಹಿಡಿಯಬಾರದು.

ಮಗಳು ಮೌನವಾಗಿದ್ದಾಗ ತಂದೆ ಇನ್ನೊಂದು ಮಾತು ತೆಗೆದರು. "ನಾಳೆ ಗಂಡಿನ ಕಡ್ಯಾವ್ರು, ಹುಡುಗಿ ಮ್ಯಾಲೆ ಸಾಲ ಐತಿ ಅಂದ್ರ ಹಿಂದ ಸರೀತಾರಲ್ರಿ." ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಗನಿಗೆ ಏಳು ಲಕ್ಷ ಸಾಲ ಮಾಡುವ ಮನೆ ಮಗಳಿಗೆ ಮೂರು ಲಕ್ಷಕ್ಕೆ ಹಿಂಜರಿಯುತ್ತದೆ, ಅದೇ ಮಗಳ ಮದುವೆಗೆ ಬಂಗಾರ ಅಡವಿಟ್ಟು ಐದು ಲಕ್ಷ ಖರ್ಚು ಮಾಡುತ್ತದೆ. ಮದುವೆಯ ಸಾಲಕ್ಕೆ ವಿನಾಯಿತಿ ಅವಧಿಯೂ ಇಲ್ಲ, ಬಡ್ಡಿ ಸಹಾಯಧನವೂ ಇಲ್ಲ, ಅದು ಸಂಬಳವನ್ನೂ ತರುವುದಿಲ್ಲ. ಹೆಣ್ಣಿಗೂ ಕಾಯಕದ ಸಮಾನತೆ ಕೊಟ್ಟ ಶರಣರ ಹೆಸರು ಹೇಳುವ ನಾವು ಈ ಲೆಕ್ಕವನ್ನು ಮನೆಯೊಳಗೇ ತಿದ್ದಿಕೊಳ್ಳಬೇಕಿದೆ.

ಇನ್ನೊಂದು ಸಂಗತಿಯನ್ನು ಬ್ಯಾಂಕಿನಲ್ಲಿ ಸಹಿ ಹಾಕುವಾಗ ಯಾರೂ ಬಿಡಿಸಿ ಹೇಳುವುದಿಲ್ಲ. ತಂದೆ ಅಲ್ಲಿ ಸಾಕ್ಷಿಯಾಗಿ ಸಹಿ ಹಾಕುತ್ತಿಲ್ಲ, ಸಹ-ಸಾಲಗಾರರಾಗಿ ಹಾಕುತ್ತಿದ್ದಾರೆ. ಕಂತು ತೊಂಬತ್ತು ದಿನ ಮೀರಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ, ಸಿಬಿಲ್‌ನಲ್ಲಿ ಮಗುವಿನ ಹೆಸರಿನ ಜೊತೆ ತಂದೆಯ ಹೆಸರೂ ಕೆಡುತ್ತದೆ. ಮುಂದೆ ಮನೆಗೋ ಟ್ರ್ಯಾಕ್ಟರಿಗೋ ಸಾಲ ಕೇಳಿದಾಗ ಅದು ಎದುರಾಗುತ್ತದೆ. ಕೆಲಸ ಸಿಗದಿದ್ದರೆ, ಒಂದು ವಿಷಯ ಉಳಿದು ಓದು ಮುಗಿಯುವುದು ತಡವಾದರೆ, ಬಾಕಿ ಬೀಳುವ ಮುಂಚೆಯೇ ಬ್ಯಾಂಕಿಗೆ ಅರ್ಜಿ ಕೊಟ್ಟು ಅವಧಿ ವಿಸ್ತರಣೆ ಕೇಳಬೇಕು. ಬಾಯಿಮಾತು ಸಾಲದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಕೊನೆಗೆ ಮಠಗಳ ಪೂಜ್ಯರಲ್ಲಿ, ಬಸವ ಕೇಂದ್ರಗಳ ಹಿರಿಯರಲ್ಲಿ ಒಂದು ಅರಿಕೆ. ಉಚಿತ ಪ್ರಸಾದ ನಿಲಯಗಳನ್ನು ಕಟ್ಟಿದ ಪರಂಪರೆ ನಮ್ಮದು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಎಷ್ಟು ಮಕ್ಕಳ ಊಟ-ವಸತಿಯ ಭಾರ ಹೊತ್ತಿವೆ ಎಂಬುದು ಎಲ್ಲರಿಗೂ ಗೊತ್ತು. ಈಗ ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಮಾಡಿ ಶಾಲು, ಫಲಕ ಕೊಡುತ್ತೇವೆ. ಆ ಹಣದಲ್ಲಿ ಸಿಇಟಿ ಸೀಟು ಪಡೆದ ಬಡ ಮಕ್ಕಳ ಸಾಲದ ಬಡ್ಡಿಯನ್ನು ಓದು ಮುಗಿಯುವ ತನಕ ನೇರವಾಗಿ ಬ್ಯಾಂಕಿಗೆ ಕಟ್ಟಬಹುದು. ಮೇಲಿನ ಹುಡುಗಿಗೆ ಐದು ವರ್ಷಕ್ಕೆ ತಗಲುವುದು 1 ಲಕ್ಷ 12 ಸಾವಿರ, ಮೊದಲ ವರ್ಷ ಎಂಟು ಸಾವಿರ ಮಾತ್ರ. ಸರ್ಕಾರದ ಸಹಾಯಧನ ಸಿಕ್ಕವರನ್ನು ಬಿಟ್ಟು ಉಳಿದವರಿಗೆ ಕೊಟ್ಟರೆ ಸಾಕು. ಕೆಲಸಕ್ಕೆ ಸೇರಿದ ಮೇಲೆ ಆ ಮಕ್ಕಳು ತಮ್ಮ ಶಕ್ತಿ ಇದ್ದಷ್ಟು ಅದೇ ನಿಧಿಗೆ ದಾಸೋಹ ಸಲ್ಲಿಸಿದರೆ ಮುಂದಿನವರಿಗೆ ಹಾದಿಯಾಗುತ್ತದೆ.

ಆ ತಂದೆ ಲೆಕ್ಕದ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದರು. ಎರಡು ದಿನದ ನಂತರ ಹುಡುಗಿಯೇ ಫೋನ್ ಮಾಡಿದಳು. ಹುಬ್ಬಳ್ಳಿಯ ಸೀಟು ಒಪ್ಪಿಕೊಂಡಿದ್ದಾಳೆ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದಾಳೆ, ಪ್ರಸಾದ ನಿಲಯದಲ್ಲಿ ಜಾಗ ಸಿಗಬಹುದೇ ಎಂದು ಕೇಳಿದಳು.